ಪಾಯಿಂಟಿನ ಲೆಕ್ಕ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಭಾಷಣ ಮಾಡಿ ರೂಢಿಯಿಲ್ಲ. ಕಳೆದ ತಿಂಗಳು ಅರಿಶಿನ ಕುಂಕುಮದ ದಿನ ನಮ್ಮ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನನ್ನ ತಮ್ಮ ಒಳ್ಳೆಯ ವಾಯರ್‌ಮ್ಯಾನ್, ಇನ್ನು ಸ್ವಂತ ಕೆಲಸ ಹಿಡಿಯುತ್ತೇನೆ ಅನ್ನುತ್ತಿದ್ದಾನೆ, ನೀವು ಹೇಗೆ ಮಾಡಿದಿರಿ?" ಎಂದು ಕೇಳಿದರು. ಆ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಿಬಿಡುತ್ತೇನೆ. ಗಂಡನೋ ತಮ್ಮನೋ ಮಗನೋ ಈ ಕಸುಬಿನಲ್ಲಿರುವ ಮನೆಗಳು ಡೊಂಬಿವಲಿ, ಕಲ್ಯಾಣ ಕಡೆ ನಮ್ಮಲ್ಲಿ ಇನ್ನೂ ಇವೆ.

ನಮ್ಮವರು ಹನ್ನೊಂದು ವರ್ಷ ಒಬ್ಬ ಗುತ್ತಿಗೆದಾರರ ಕೈಕೆಳಗೆ ದಿನಗೂಲಿಗೆ ದುಡಿದವರು. ಕೊನೆಗೆ ದಿನಕ್ಕೆ 1,200 ರೂಪಾಯಿ ಬರುತ್ತಿತ್ತು. ತಿಂಗಳಿಗೆ 26 ದಿನ ತಪ್ಪದೆ ಹೋದರೆ 31,200. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಾಗುವಂತಿಲ್ಲ, ಏಕೆಂದರೆ ತಿಂಗಳಿಗೆ ದಿನಗಳು ಅಷ್ಟೇ, ಮನುಷ್ಯನಿಗೆ ಕೈಗಳು ಎರಡೇ. ನಲವತ್ತು ದಾಟಿದ ಮೇಲೆ ಭುಜ ನೋಯಲು ಶುರುವಾಯಿತು. ದಿನವಿಡೀ ತಲೆ ಮೇಲೆ ಕೈಯೆತ್ತಿ ಗೋಡೆ ಕೊರೆಯುವವರಿಗೆ ಅದು ಬರುವುದೇ. ಹಾಗಾಗಿ ಸ್ವಂತ ಕೆಲಸ ಎನ್ನುವುದು ನಮಗೆ ಆಸೆಯಾಗಿ ಬರಲಿಲ್ಲ, ಭುಜದ ನೋವಾಗಿ ಬಂತು.

ನಾನು ಮದುವೆಗೆ ಮುಂಚೆ ಕುಂದಾಪುರದಲ್ಲಿ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ. ವಿದ್ಯುತ್ತಿನ ಕೆಲಸ ನನಗೆ ಗೊತ್ತಿರಲಿಲ್ಲ. ಆದರೆ ಇವರು ಕೆಲಸಕ್ಕೆ ದರ ಹೇಳುವ ರೀತಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ಮನೆಯೊಳಗೆ ಒಂದು ಸುತ್ತು ತಿರುಗಿ, ಗಡ್ಡ ಕೆರೆದುಕೊಂಡು, "ಮಜೂರಿ ಇಪ್ಪತ್ತೆರಡು ಸಾವಿರ ಆಗುತ್ತದೆ" ಎನ್ನುವುದು. ಆ ಇಪ್ಪತ್ತೆರಡು ಎಲ್ಲಿಂದ ಬಂತು ಎಂದರೆ, ಹಿಂದಿನ ಯಜಮಾನರು ಅಂಥ ಮನೆಗೆ ಹಾಗೆ ಹೇಳುತ್ತಿದ್ದರು ಎಂಬ ನೆನಪಿನಿಂದ.

ಮೊದಲು ಒಂದು ಮನೆಯ ಲೆಕ್ಕವನ್ನು ಪೂರ್ತಿ ಹೇಳುತ್ತೇನೆ. ಡೊಂಬಿವಲಿ ಪೂರ್ವದ ಹಳೆಯ ಕಟ್ಟಡದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು, ಹಳೆಯ ವಾಯರಿಂಗ್ ಪೂರ್ತಿ ತೆಗೆದು ಹೊಸದು ಹಾಕಬೇಕು. ಸಾಮಾನು ಮನೆಯವರದು, ಮಜೂರಿ ನಮ್ಮದು. ಇಂಥ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲು ಗೋಡೆ ಕೊರೆದು (ಇಲ್ಲಿ ಝಿರಿ ಹೊಡೆಯುವುದು ಅನ್ನುತ್ತಾರೆ) ಪೈಪು, ಡಬ್ಬಿ ಕೂರಿಸಬೇಕು, ಐದು ದಿನ. ಗಾರೆಯವರು ಮುಚ್ಚಿದ ಮೇಲೆ ವಾಯರು ಎಳೆಯಬೇಕು, ಮೂರು ದಿನ. ಬಣ್ಣ ಮುಗಿದ ಮೇಲೆ ಸ್ವಿಚ್ಚು, ದೀಪ, ಫ್ಯಾನು ಕೂರಿಸಬೇಕು, ಮೂರು ದಿನ. ಕೊನೆಗೆ ಪರೀಕ್ಷೆ ಮಾಡಿ ಒಪ್ಪಿಸಲು ಒಂದು ದಿನ. ಒಟ್ಟು ಹನ್ನೆರಡು.

ಒಬ್ಬ ವಾಯರ್‌ಮ್ಯಾನ್‌ಗೆ ದಿನಕ್ಕೆ 1,000, ಹೆಲ್ಪರ್‌ಗೆ 650 ಎಂದಿಟ್ಟರೆ ಹನ್ನೆರಡು ದಿನಕ್ಕೆ 19,800 ಕೂಲಿಗೇ ಹೋಯಿತು. ಇಪ್ಪತ್ತೆರಡರಲ್ಲಿ ಉಳಿದದ್ದು 2,200. "ಅದೇ ಲಾಭ" ಎಂದರು ಇವರು. ನಾನು ಪುಸ್ತಕ ತೆರೆದು ಕೂತೆ. ರಿಕ್ಷಾ, ಚಹಾ 1,800. ಕಟರಿನ ಬ್ಲೇಡು, ಡ್ರಿಲ್ ಬಿಟ್ಟು 1,500. ಅಳತೆ ತೆಗೆಯಲು, ಮನೆಯವರ ಜೊತೆ ಅಂಗಡಿಗೆ ಹೋಗಲು, ಕೆಲಸ ನೋಡಿಕೊಳ್ಳಲು ಇವರದೇ ಮೂರು ದಿನ. ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಆದರೆ ಆ ಮೂರು ದಿನ ಬೇರೆಲ್ಲೂ ದುಡಿದಿಲ್ಲವಲ್ಲ? ದಿನಕ್ಕೆ 1,400ರಂತೆ 4,200. ಟೈಲ್ಸಿನವನು ಜಾಗ ಬಿಡದೆ ನಮ್ಮ ಹುಡುಗರು ಸುಮ್ಮನೆ ಕೂರುವ ಒಂದು ದಿನ ಪ್ರತಿ ಮನೆಯಲ್ಲೂ ಇದ್ದೇ ಇರುತ್ತದೆ, ಅದು 1,650. ಮುಂದೆ "ಫ್ಯಾನು ತಿರುಗುತ್ತಿಲ್ಲ" ಎಂದು ಫೋನು ಬಂದಾಗ ಓಡಲು ಎತ್ತಿಡಬೇಕಾದದ್ದು 1,000. ಇಲ್ಲಿಗೆ 29,950.

ಇದಲ್ಲದೆ ಯಾವ ಮನೆಯ ಹೆಸರಿಗೂ ಬರೆಯಲಾಗದ ಖರ್ಚು ಒಂದಿದೆ. ಸಾಮಾನಿಡುವ ಗಾಳೆಯ ಬಾಡಿಗೆ, ಸ್ಕೂಟರಿನ ಪೆಟ್ರೋಲು, ಫೋನು, ವಿಮೆ, ಲೆಕ್ಕಪತ್ರ ನೋಡುವವರ ಫೀಸು, ಹೊಸ ಉಪಕರಣ. ನಮ್ಮದು ತಿಂಗಳಿಗೆ 14,000. ತಿಂಗಳಿಗೆ ಅಂಥ ನಾಲ್ಕು ಮನೆ ಮಾಡಿದರೆ ಒಂದೊಂದರ ಪಾಲಿಗೆ 3,500. ಈಗ 33,450 ಆಯಿತು, ಇನ್ನೂ ಲಾಭ ಸೇರಿಸಿಲ್ಲ. ಶೇಕಡಾ 15 ಸೇರಿಸಿ ದುಂಡಗೆ ಮಾಡಿದರೆ 38,500. ನಮ್ಮವರು ಆ ಸಂಖ್ಯೆ ನೋಡಿ, "ಇಷ್ಟು ಯಾರು ಕೊಡುತ್ತಾರೆ?" ಎಂದರು.

ಒಟ್ಟಿಗೆ ಹೇಳಿದರೆ ಯಾರೂ ಕೊಡುವುದಿಲ್ಲ, ನಿಜ. ಅದನ್ನೇ ಪಾಯಿಂಟಿನ ಲೆಕ್ಕದಲ್ಲಿ ಬಿಡಿಸಿ ಬರೆದೆವು. ದೀಪ, ಫ್ಯಾನು, ಸಣ್ಣ ಪ್ಲಗ್ಗು ಸೇರಿ 42 ಪಾಯಿಂಟು, ಒಂದಕ್ಕೆ 550. ಗೀಸರ್, ಫ್ರಿಜ್, ವಾಷಿಂಗ್ ಮೆಷಿನ್‌ನಂಥ ಪವರ್ ಪಾಯಿಂಟು 8, ಒಂದಕ್ಕೆ 1,000. ಎ.ಸಿ. ಎರಡಕ್ಕೆ 1,500ರಂತೆ. ಮೇನ್ ಬೋರ್ಡಿಗೆ 3,000. ಟಿ.ವಿ., ಇಂಟರ್ನೆಟ್ ಪಾಯಿಂಟು 4, ಒಂದಕ್ಕೆ 350. ಕೂಡಿಸಿ ನೋಡಿ, ಅದೇ 38,500. ಮನೆಯ ಹೆಂಗಸರು ಈ ಚೀಟಿಯನ್ನು ಗಂಡಸರಿಗಿಂತ ಚೆನ್ನಾಗಿ ಓದುತ್ತಾರೆ, ಇದು ನನ್ನ ಅನುಭವ. "ಈ ಕೋಣೆಯಲ್ಲಿ ಎರಡು ಪ್ಲಗ್ಗು ಬೇಡ" ಎಂದು ಅವರೇ ಕಡಿಮೆ ಮಾಡಿಕೊಳ್ಳುತ್ತಾರೆ. ಆಗ ದರ ಇಳಿಸುವ ಚೌಕಾಶಿ ನಿಂತು, ಪಾಯಿಂಟು ಎಷ್ಟು ಬೇಕು ಎಂಬ ಮಾತು ಶುರುವಾಗುತ್ತದೆ. ಕೆಲಸ ಕಡಿಮೆಯಾದರೆ ದುಡ್ಡು ಕಡಿಮೆಯಾಗಲಿ, ಅದರಲ್ಲಿ ನಮಗೆ ನಷ್ಟವಿಲ್ಲ.

ಚೀಟಿಯ ಕೆಳಗೆ ಯಾವುದು ಸೇರಿಲ್ಲ ಎಂದೂ ಬರೆಯುತ್ತೇವೆ. ಝಿರಿ ಮುಚ್ಚುವ ಗಾರೆ ನಮ್ಮದಲ್ಲ, ಡೆಬ್ರಿಸ್ ಹೊರಗೆ ಸಾಗಿಸುವುದು ನಮ್ಮದಲ್ಲ, ಒಂದು ದೀಪಕ್ಕೆ ಎರಡು ಕಡೆ ಸ್ವಿಚ್ಚು ಬೇಕಾದರೆ ಅದು ಎರಡು ಪಾಯಿಂಟು. ಈ ಎರಡು ಸ್ವಿಚ್ಚಿನ ವಿಷಯಕ್ಕೆ ಆಗುವಷ್ಟು ಜಗಳ ಇನ್ಯಾವುದಕ್ಕೂ ಆಗುವುದಿಲ್ಲ. ಬಡಗಿ ಬಂದು ವಾರ್ಡ್‌ರೋಬಿನ ಚಿತ್ರ ತೋರಿಸಿದ ದಿನ ಪಾಯಿಂಟು ಹೆಚ್ಚುತ್ತವೆ. ಆ ಫ್ಲ್ಯಾಟಿನಲ್ಲಿ ಆರು ಹೆಚ್ಚಿದವು, 3,300 ರೂಪಾಯಿ. ಅದೇ ಸಂಜೆ ನಾನು ಮನೆಯವರಿಗೆ ವಾಟ್ಸಾಪ್ ಮಾಡಿ, ಅವರಿಂದ "ಆಗಲಿ" ಎಂದು ಬರೆಸಿಕೊಂಡೆ. ಕೊನೆಯಲ್ಲಿ ಬಿಲ್ಲಿಗೆ ಸೇರಿಸಿದಾಗ ಯಾರೂ ಮಾತೆತ್ತಲಿಲ್ಲ.

ಇನ್ನು ಹಣ ಯಾವಾಗ ಬರಬೇಕು ಎನ್ನುವುದು. ಒಂದು ಕಚೇರಿಯ ಒಳಾಂಗಣ ಮಾಡಿಸುತ್ತಿದ್ದ ದೊಡ್ಡ ಗುತ್ತಿಗೆದಾರರೊಬ್ಬರ ಕೈಕೆಳಗೆ ನಾವು 3,20,000ದ ಕೆಲಸ ಮಾಡಿದ್ದೆವು. 2,70,000 ಹಂತ ಹಂತವಾಗಿ ಬಂತು. ಉಳಿದ 50,000 "ಕಟ್ಟಡದವರು ನಮಗೆ ಕೊಟ್ಟಿಲ್ಲ" ಎಂದು ಎಂಟು ತಿಂಗಳು ನಿಂತಿತು. ಬಂದ 2,70,000 ಎಲ್ಲಾ ಹುಡುಗರ ಕೂಲಿಗೆ, ಓಡಾಟಕ್ಕೆ ಹೋಗಿತ್ತು. ನಿಂತಿದ್ದ 50,000 ಇದೆಯಲ್ಲ, ಪೂರ್ತಿ ನಮ್ಮ ಲಾಭ ಅದೇ. ಯಾವ ಕೆಲಸದಲ್ಲೂ ಲಾಭವಿರುವುದು ಕೊನೆಯ ಕಂತಿನಲ್ಲಿ, ತಡೆದು ಹಿಡಿಯುವವರು ಹಿಡಿಯುವುದೂ ಅದನ್ನೇ.

ಹಾಗಾಗಿ ಮನೆ ಕೆಲಸಗಳಿಗೆ ಕಂತುಗಳನ್ನು ಹೀಗೆ ಹಾಕುತ್ತೇವೆ. ಶುರು ಮಾಡುವಾಗ ಕಾಲು ಭಾಗ. ಪೈಪು ಕೂರಿಸಿದ ಮೇಲೆ, ಗಾರೆ ಮುಚ್ಚುವ ಮುನ್ನ, ಶೇಕಡಾ 35. ವಾಯರು ಎಳೆದ ಮೇಲೆ 30. ಒಪ್ಪಿಸಿದ ಮೇಲೆ ಉಳಿದ 10. ನಮ್ಮ ಫ್ಲ್ಯಾಟಿನಲ್ಲಿ ಆ ಕೊನೆಯ ಕಂತು 3,850. ಲಾಭ ಸುಮಾರು 5,000. ಕೊನೆಯ ಕಂತು ಯಾವಾಗಲೂ ಲಾಭಕ್ಕಿಂತ ಕಡಿಮೆಯಿರಬೇಕು. ಅದು ಬರದೇ ಹೋದರೂ ಹುಡುಗರ ಕೂಲಿ ನಮ್ಮ ಕಿವಿಯ ಬೆಂಡೋಲೆಯಿಂದ ಹೋಗುವುದಿಲ್ಲ.

ಕೂಲಿ ಶನಿವಾರ ಸಂಜೆ ಕೊಡಲೇಬೇಕು. ಗಿರಾಕಿ ಕೊಟ್ಟಿರಲಿ, ಬಿಟ್ಟಿರಲಿ, ಅದು ಹುಡುಗರ ತಲೆನೋವಲ್ಲ. ನಮ್ಮಲ್ಲಿ ಈಗ ಎರಡು ಜೋಡಿ ಇವೆ, ದಿನಕ್ಕೆ 3,300, ವಾರಕ್ಕೆ 19,800. ಎರಡನೇ ಜೋಡಿ ತೆಗೆದುಕೊಳ್ಳುವ ಮುನ್ನ ಎರಡು ವಾರದ ಕೂಲಿ, ಅಂದರೆ 40,000, ಬೇರೆ ಖಾತೆಯಲ್ಲಿ ಇರಲೇಬೇಕು ಎಂದು ನಾನು ಹಟ ಹಿಡಿದೆ. ಆ ಖಾತೆಯ ಎ.ಟಿ.ಎಂ. ಕಾರ್ಡು ಈಗಲೂ ನನ್ನ ಹತ್ತಿರವೇ ಇದೆ. ಒಬ್ಬ ಹುಡುಗ ಯಾದಗಿರಿಯವನು, ಉಳಿದವರು ಉತ್ತರ ಪ್ರದೇಶದವರು. ಎಲ್ಲರೂ ನನ್ನನ್ನು ಭಾಭಿ ಎನ್ನುತ್ತಾರೆ, ಮುಂಗಡ ಬೇಕಾದಾಗ ಸ್ವಲ್ಪ ಹೆಚ್ಚು ಮೃದುವಾಗಿ. ಏಣಿಯಿಂದ ಬಿದ್ದರೆ ಹೊಣೆ ನಮ್ಮದೇ, ಆದ್ದರಿಂದ ಕೆಲಸಗಾರರ ಪರಿಹಾರದ ವಿಮೆ ಮಾಡಿಸಿದ್ದೇವೆ. ಜೋಡಿ ಒಂದಿದ್ದರೂ ಅದು ಬೇಕು.

ಇನ್ನೊಂದು ಕಷ್ಟವನ್ನು ದುಡ್ಡಿನಲ್ಲಿ ಅಳೆಯಲಾಗುವುದಿಲ್ಲ. ತನ್ನ ಕೈಯಿಂದ ಮಾಡಿದ ಕೆಲಸದ ಮೇಲೆ ಹೆಮ್ಮೆಯಿರುವ ಮನುಷ್ಯ ಇನ್ನೊಬ್ಬನ ಕೈಗೆ ಪಕ್ಕಡ್ ಕೊಟ್ಟು ಹಿಂದೆ ನಿಲ್ಲುವುದು. ನಮ್ಮವರು ಮೊದಮೊದಲು ರಾತ್ರಿ ಹೋಗಿ ಹುಡುಗರು ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡುತ್ತಿದ್ದರು. ಹಾಗೆ ಮಾಡಿದರೆ ಎರಡು ಕೂಲಿ ಆಯಿತು, ಭುಜದ ನೋವೂ ಹೋಗಲಿಲ್ಲ. ಆಮೇಲೆ ಪ್ರತಿಯೊಂದನ್ನೂ ಮತ್ತೆ ಮಾಡುವ ಬದಲು ಪರೀಕ್ಷೆ ಮಾಡುವ ಪದ್ಧತಿ ತಂದರು.

ಅದರಲ್ಲಿ ಮುಖ್ಯವಾದವು ಎರಡು. ಒಂದು, ಗಾರೆ ಮುಚ್ಚುವ ಮುನ್ನ ಪ್ರತಿ ಗೋಡೆಯ ಮೇಲೆ ಟೇಪು ಹಿಡಿದು, ಪೈಪು ಎಲ್ಲಿ ಹೋಗಿದೆ ಎಂಬುದು ಅಳತೆ ಸಮೇತ ಕಾಣುವಂತೆ ಫೋಟೋ. ಇನ್ನೊಂದು, ವಾಯರು ಎಳೆದ ಮೇಲೊಮ್ಮೆ, ಒಪ್ಪಿಸುವ ಮುನ್ನ ಮತ್ತೊಮ್ಮೆ ಮೆಗ್ಗರ್ ಪರೀಕ್ಷೆ. ಮೆಗ್ಗರ್ ಎಂದರೆ ವಾಯರಿನ ಮೇಲಿನ ಹೊದಿಕೆ ಗಟ್ಟಿಯಿದೆಯೇ ಎಂದು ನೋಡುವ ಯಂತ್ರ. ಮೇನ್ ಬಂದ್ ಮಾಡಿ, ಎಲ್ಲಾ ಉಪಕರಣ ತೆಗೆದು, 500 ವೋಲ್ಟ್ ಕೊಟ್ಟು ವಾಯರಿಗೂ ಅರ್ಥಿಂಗಿಗೂ ನಡುವೆ ಅಳೆಯುತ್ತಾರೆ. ಕಡಿಮೆಯೆಂದರೂ 1 ಮೆಗಾಓಮ್ ತೋರಿಸಬೇಕು, ಹೊಸ ವಾಯರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸುತ್ತದೆ.

ಅದೇ ಫ್ಲ್ಯಾಟಿನಲ್ಲಿ ವಾಯರು ಎಳೆದ ದಿನ ಎಲ್ಲಾ ಸರಿಯಿತ್ತು. ಒಪ್ಪಿಸುವ ಹಿಂದಿನ ದಿನ ಮೆಗ್ಗರ್ ಅರ್ಧಕ್ಕೂ ಕಡಿಮೆ ತೋರಿಸಿತು. ಹುಡುಗರು "ಯಂತ್ರ ಹಾಳಾಗಿದೆ" ಎಂದರು, ಹಾಗೆ ಅನ್ನುವುದು ಸಹಜ. ನಮ್ಮವರು ಬೋರ್ಡಿನಲ್ಲಿ ಒಂದೊಂದೇ ಸರ್ಕ್ಯೂಟ್ ಬಿಡಿಸಿ ಅಳೆಯುತ್ತಾ ಹೋದರು. ಒಳಗಿನ ಬೆಡ್‌ರೂಮಿನದು ಬಿಟ್ಟು ಉಳಿದೆಲ್ಲಾ ಸರಿ. ಫೋಟೋ ತೆಗೆದು ನೋಡಿದರೆ ನೆಲದಿಂದ ಏಳು ಅಡಿಯಲ್ಲಿ ಪೈಪು ಅಡ್ಡ ಹೋಗಿತ್ತು, ಈಗ ಸರಿಯಾಗಿ ಅಲ್ಲಿ ವಾರ್ಡ್‌ರೋಬ್ ನಿಂತಿತ್ತು. ಬಡಗಿ ಹೊಡೆದ ಸ್ಕ್ರೂ ಪೈಪು ತೂರಿ ವಾಯರಿನ ಹೊದಿಕೆ ಸವರಿತ್ತು. ಆ ಸ್ಕ್ರೂ ತೆಗೆದು, ಆ ತುಂಡು ವಾಯರು ಬದಲಿಸಲು ಅರ್ಧ ದಿನ ಬೇಕಾಯಿತು. ಬಿಟ್ಟಿದ್ದರೆ ಆವತ್ತು ದೀಪ ಉರಿಯುತ್ತಿತ್ತು. ಮಳೆಗಾಲದಲ್ಲಿ ಗೋಡೆ ತೇವವಾದಾಗ ಮನೆಯವರ ಆರ್‌ಸಿಸಿಬಿ ಬೀಳುತ್ತಿತ್ತು, ಫೋನು ನಮಗೆ ಬರುತ್ತಿತ್ತು, ಬೈಗುಳ ಹುಡುಗರಿಗೆ ಬೀಳುತ್ತಿತ್ತು. ಫೋಟೋ ಇದ್ದುದರಿಂದ ಬಡಗಿಯೂ ಜಗಳ ತೆಗೆಯಲಿಲ್ಲ.

ಲೈಸೆನ್ಸಿನ ಬಗ್ಗೆ ಒಂದೇ ಮಾತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥದ್ದನ್ನು ಬಿಟ್ಟರೆ ವಾಯರಿಂಗ್ ಕೆಲಸವನ್ನು ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರನೇ, ಅರ್ಹತಾ ಪತ್ರ ಇರುವ ಸೂಪರ್‌ವೈಸರನ ಮೇಲ್ವಿಚಾರಣೆಯಲ್ಲೇ ಮಾಡಬೇಕು. ಈ ನಿಯಮ 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು, ಈಗಲೂ ಇದೆ. ನಮ್ಮವರ ಹತ್ತಿರ ಮೊದಲು ವಾಯರ್‌ಮ್ಯಾನ್ ಪರವಾನಗಿ ಮಾತ್ರ ಇತ್ತು, ಹಾಗಾಗಿ ಲೈಸೆನ್ಸ್ ಇರುವ ಪರಿಚಯದವರೊಬ್ಬರ ಹೆಸರಿನಡಿ, ಅವರು ಬಂದು ನೋಡಿ ಸಹಿ ಹಾಕುವ ಒಪ್ಪಂದದಲ್ಲಿ ಕೆಲಸ ಮಾಡಿದರು. ಸೂಪರ್‌ವೈಸರ್ ಪರೀಕ್ಷೆ ಪಾಸಾದ ಮೇಲೆ ಸ್ವಂತ ಲೈಸೆನ್ಸ್. ಕೆಲಸ ನೋಡದೆ ದುಡ್ಡಿಗೆ ಸಹಿ ಮಾರುವವರೂ ಪೇಟೆಯಲ್ಲಿದ್ದಾರೆ. ಬೆಂಕಿ ಬಿದ್ದ ದಿನ ಆ ಸಹಿಯವರು ಫೋನೆತ್ತುವುದಿಲ್ಲ. ನಿಮ್ಮ ತಮ್ಮನಿಗೆ ಇದನ್ನು ಮೊದಲೇ ಹೇಳಿ.

ಈಗ, ಇಷ್ಟೆಲ್ಲಾ ಮಾಡಿ ಸಿಗುವುದೆಷ್ಟು? ಸಾಮಾನ್ಯವಾಗಿ ಇದನ್ನು ಯಾರೂ ಹೇಳುವುದಿಲ್ಲ. ಎರಡು ಜೋಡಿ ಎಂದರೆ ತಿಂಗಳಿಗೆ ಅಂಥ ನಾಲ್ಕು ಮನೆ. ಒಂದು ಮನೆಗೆ ಇವರ ಸ್ವಂತ ದಿನಗಳ 4,200 ಮತ್ತು ಲಾಭ 5,000. ನಾಲ್ಕಕ್ಕೆ 36,800. ದಿನಗೂಲಿಯಲ್ಲಿ 31,200 ಬರುತ್ತಿತ್ತಲ್ಲ! ತಲೆ ಮೇಲೆ ಇಷ್ಟು ಹೊರೆ ಹೊತ್ತು ಹೆಚ್ಚಿದ್ದು 5,600. ಭುಜಕ್ಕೆ ವಿಶ್ರಾಂತಿ ಸಿಕ್ಕಿತು, ಅದು ನಿಜವಾದ ಲಾಭ. ಆದರೆ ಎರಡು ಜೋಡಿಯಲ್ಲಿ ನಿಂತರೆ ಅದು ವ್ಯಾಪಾರವಲ್ಲ, ಬೇರೆ ರೀತಿಯ ಕೂಲಿ.

ಮೂರನೇ ಜೋಡಿ ಬಂದರೆ ಆರು ಮನೆ. ಗಾಳೆಯ ಬಾಡಿಗೆ, ಸ್ಕೂಟರು, ಫೋನು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ, ಅದೇ 14,000 ಆರು ಪಾಲಾಗುತ್ತದೆ. ಆಗ ತಿಂಗಳಿಗೆ ಅರವತ್ತೆರಡು ಸಾವಿರದ ಹತ್ತಿರ ಉಳಿಯುತ್ತದೆ. ಹಾಗಾದರೆ ತೆಗೆದುಕೊಳ್ಳಿ ಎನ್ನುತ್ತೀರಿ. ಆದರೆ ನಾಲ್ಕು ಮನೆಗೆ ವರ್ಷದ ವಹಿವಾಟು 18,48,000. ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಆರು ಮನೆಗೆ ಅದು 27 ಲಕ್ಷ ದಾಟುತ್ತದೆ. ಆಗ ಸಾಮಾನ್ಯ ನೋಂದಣಿಯಲ್ಲಿ ಬಿಲ್ಲಿನ ಮೇಲೆ ಶೇಕಡಾ 18 ಹಾಕಬೇಕು, 38,500ರ ಕೆಲಸ ಮನೆಯವರಿಗೆ 45,430 ಆಗುತ್ತದೆ. (ಸಾಮಾನನ್ನು ಮನೆಯವರೇ ತರಲಿ ಎಂದು ನಾವು ಹೇಳುವುದಕ್ಕೂ ಇದೇ ಕಾರಣ. ಸಾಮಾನು ನಮ್ಮ ಬಿಲ್ಲಿನಲ್ಲಿ ಬಂದರೆ ಆ ಮಿತಿ ಅರ್ಧ ವರ್ಷದೊಳಗೇ ದಾಟುತ್ತದೆ.) ಆ ತೆರಿಗೆಯನ್ನು ಮನೆಯವರು ಎಲ್ಲೂ ವಾಪಸು ಪಡೆಯಲಾರರು, ಪಕ್ಕದ ಬೀದಿಯ ನೋಂದಣಿಯಿಲ್ಲದವನ ಹತ್ತಿರ ಹೋಗುತ್ತಾರೆ. ಒಳಾಂಗಣದ ಗುತ್ತಿಗೆದಾರರಿಗೆ ಜಿಎಸ್‌ಟಿ ತೊಂದರೆಯಿಲ್ಲ, ಅವರ ಲೆಕ್ಕದಲ್ಲಿ ಅದು ಜಮೆಯಾಗುತ್ತದೆ. ಆದರೆ ಎಂಟು ತಿಂಗಳು ಹಣ ಹಿಡಿದಿಟ್ಟವರು ಅದೇ ಜಾತಿಯವರು ತಾನೇ?

ಈ ವರ್ಷ ನಾವು ನಿಂತಿರುವುದು ಈ ಕವಲಿನಲ್ಲಿ. ನಮ್ಮವರು ಬೇಗ ಮೂರನೇ ಜೋಡಿ ಬೇಕೆನ್ನುತ್ತಾರೆ. ನಾನು ಕೊಟ್ಟಿರುವ ಷರತ್ತು ಎರಡು. ಕೂಲಿಯ ಖಾತೆಯಲ್ಲಿ 40,000 ಇರುವುದು 90,000 ಆಗಬೇಕು, ಏಕೆಂದರೆ ತಡವಾಗಿ ಕೊಡುವವರ ಕೆಲಸಕ್ಕೆ ಎರಡು ವಾರದ ಕೂಲಿ ಸಾಲದು, ಮೂರು ವಾರದ್ದು ಬೇಕು. ಮತ್ತೆ, ಒಳಾಂಗಣದವರ ಕೆಲಸ ತಿಂಗಳಿಗೆ ಎರಡಕ್ಕಿಂತ ಹೆಚ್ಚಿರಬಾರದು, ಅವರ ಕೊನೆಯ ಕಂತೂ ಶೇಕಡಾ 10 ಮೀರಬಾರದು. ಈಗ ಆ ಖಾತೆಯಲ್ಲಿ 71,000 ಇದೆ. ಗಣೇಶ ಚೌತಿಗೆ ಹುಡುಗರು ಮುಂಗಡ ಕೇಳುತ್ತಾರೆ, ಅದನ್ನು ಬೇರೆ ಎತ್ತಿಟ್ಟಿದ್ದೇನೆ. ದೀಪಾವಳಿಯ ಹೊತ್ತಿಗೆ ಆಗಬಹುದು.

ನಮ್ಮ ದರಪಟ್ಟಿಯ ಮತ್ತು ಕಂತಿನ ಚೀಟಿಯ ನಕಲುಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ದರ ನಮ್ಮ ಪ್ರದೇಶದ್ದು, ನಿಮ್ಮ ಕಡೆಯ ಕೂಲಿ ಹಾಕಿ ಮತ್ತೆ ಕೂಡಿಸಿ ನೋಡಿ. ತಮ್ಮನ ವಿಷಯ ಕೇಳಿದವರು ಎರಡು ತೆಗೆದುಕೊಂಡು ಹೋಗಿ, ಒಂದು ನಾದಿನಿಯ ಕೈಗೆ ಕೊಡಿ. ಪ್ರಶ್ನೆಗಳಿದ್ದರೆ ಚಹಾದ ಹೊತ್ತಿಗೆ ಇಲ್ಲೇ ಇರುತ್ತೇನೆ.